ಶಿರಸಿ ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ತಜ್ಞರ ಹುದ್ದೆಗೆ ಅರ್ಜಿ – ಡಾ. ಸಂಧ್ಯಾ ಎಂ. ಬಡಿಗೇರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ಮಾನ್ಯರೇ,

ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಶಿರಸಿ ತಾಲ್ಲೂಕು ಆಸ್ಪತ್ರೆಗೆ ಗುತ್ತಿಗೆ ಆಧಾರದ ಮೇಲೆ ಅರಿವಳಿಕೆ ತಜ್ಞರು ಬೇಕೆಂದು ತಾವು ಹೊರಡಿಸಿದ ಪ್ರಕಟಣೆ ನೋಡಿ ಈ ಅರ್ಜಿ ಸಲ್ಲಿಸುತ್ತಿದ್ದೇನೆ. ಸದ್ಯ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕನ್ಸಲ್ಟೆಂಟ್ ಆಗಿದ್ದೇನೆ.

ನೋಂದಣಿ: ಕರ್ನಾಟಕ ವೈದ್ಯಕೀಯ ಪರಿಷತ್ತು, ಸಂಖ್ಯೆ 310462, ವರ್ಷ 2016. ಎಂ.ಡಿ. ಪದವಿಯನ್ನು ಹೆಚ್ಚುವರಿ ಅರ್ಹತೆಯಾಗಿ 2021ರಲ್ಲಿ ಸೇರಿಸಲಾಗಿದೆ. ನೋಂದಣಿ ನವೀಕರಣಗೊಂಡು ಚಾಲ್ತಿಯಲ್ಲಿದೆ. ಇಂಡಿಯನ್ ಸೊಸೈಟಿ ಆಫ್ ಅನಸ್ತೀಸಿಯಾಲಜಿಸ್ಟ್ಸ್‌ನ ಆಜೀವ ಸದಸ್ಯೆ. ನನ್ನ ವಿರುದ್ಧ ಪರಿಷತ್ತಿನಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಯಾವುದೇ ಪ್ರಕರಣ ಬಾಕಿ ಇಲ್ಲ.

ಎಂ.ಬಿ.ಬಿ.ಎಸ್. ಓದಿದ್ದು ಹುಬ್ಬಳ್ಳಿಯ ಕಿಮ್ಸ್‌ನಲ್ಲಿ. ಇಂಟರ್ನ್‌ಶಿಪ್ ಮುಗಿದದ್ದು 2016ರಲ್ಲಿ. ಮುಂದಿನ ಎರಡು ವರ್ಷ ಹಾವೇರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಗುತ್ತಿಗೆ ವೈದ್ಯಾಧಿಕಾರಿಯಾಗಿದ್ದೆ. 2018ರಿಂದ 2021ರವರೆಗೆ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಅರಿವಳಿಕೆ ಶಾಸ್ತ್ರದ ಎಂ.ಡಿ. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಎರಡರಲ್ಲೂ ಡ್ಯೂಟಿ ಇರುತ್ತಿತ್ತು. ಹೆರಿಗೆಗೆ ಸಂಬಂಧಿಸಿದ ಅರಿವಳಿಕೆಯಲ್ಲಿ ನನ್ನ ಕೈ ಪಳಗಿದ್ದು ಚೆಲುವಾಂಬದ ರಾತ್ರಿ ಪಾಳಿಗಳಲ್ಲೇ. ಕೋವಿಡ್‌ನ ಎರಡೂ ಅಲೆಗಳಲ್ಲಿ ಐಸಿಯು ಕೆಲಸ ಮಾಡಿದ್ದೇನೆ. ಆ ಬಳಿಕ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆಯನ್ನು ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಸೀನಿಯರ್ ರೆಸಿಡೆಂಟ್ ಆಗಿ ಪೂರೈಸಿದ್ದೇನೆ. 2022ರಿಂದ ಈಗಿನ ಆಸ್ಪತ್ರೆಯಲ್ಲಿದ್ದೇನೆ.

ನಿರ್ವಹಿಸಿದ ಪ್ರಕರಣಗಳ ವಿವರ ಲಾಗ್‌ಬುಕ್‌ನಲ್ಲಿದೆ (ಲಗತ್ತು 4). ಅಂದಾಜು ಲೆಕ್ಕ ಹೀಗಿದೆ:

ಸಿಸೇರಿಯನ್‌ಗೆ ಸ್ಪೈನಲ್ – 1,400
ಜನರಲ್ ಅನಸ್ತೀಸಿಯಾ, ಎಲ್ಲ ವಿಭಾಗ ಸೇರಿ – 900
ಅದರಲ್ಲಿ ಐದು ವರ್ಷದೊಳಗಿನ ಮಕ್ಕಳು – 120
ಅಲ್ಟ್ರಾಸೌಂಡ್ ನೋಡಿಕೊಂಡು ಕೊಟ್ಟ ನರ್ವ್ ಬ್ಲಾಕ್ – 260
ಸೆಂಟ್ರಲ್ ಲೈನ್ – 140
ಹೆರಿಗೆ ನೋವಿಗೆ ಎಪಿಡ್ಯೂರಲ್ – 35

ಸಂಖ್ಯೆಗಿಂತ ಹೆಚ್ಚಾಗಿ ತಾವು ಗಮನಿಸಬೇಕೆಂದು ನಾನು ಬಯಸುವುದು ತೊಡಕಿನ ಕೇಸುಗಳನ್ನು. ಹೆರಿಗೆಯ ನಂತರದ ತೀವ್ರ ರಕ್ತಸ್ರಾವ, ಫಿಟ್ಸ್ ಬಂದ ಎಕ್ಲಾಂಪ್ಸಿಯಾ, ಹೆಲ್ಪ್ ಸಿಂಡ್ರೋಮ್‌ನಿಂದ ಪ್ಲೇಟ್‌ಲೆಟ್ ಕುಸಿದು ಸ್ಪೈನಲ್ ಕೊಡಲಾಗದ ತಾಯಂದಿರು, ಇಂಥವರಿಗೆ ಸ್ವತಂತ್ರವಾಗಿ ಅರಿವಳಿಕೆ ಕೊಟ್ಟಿದ್ದೇನೆ. ನಾಗರಹಾವು ಕಡಿದು ಉಸಿರಾಟ ನಿಂತವರನ್ನೂ ಕೀಟನಾಶಕ ಕುಡಿದವರನ್ನೂ ವೆಂಟಿಲೇಟರ್‌ನಲ್ಲಿಟ್ಟು ನೋಡಿಕೊಂಡ ಅನುಭವ ಹಾವೇರಿಯಲ್ಲಿ ಸಾಕಷ್ಟು ಆಗಿದೆ. ಮಲೆನಾಡಿನ ಆಸ್ಪತ್ರೆಗೆ ಇದು ಉಪಯೋಗಕ್ಕೆ ಬರುತ್ತದೆಂದು ಬೇರೆ ಹೇಳಬೇಕಿಲ್ಲ.

ಸ್ವತಂತ್ರವಾಗಿ ಮಾಡದಿರುವುದನ್ನೂ ತಿಳಿಸುತ್ತೇನೆ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸಹಾಯಕಿಯಾಗಿ ಮಾತ್ರ ನಿಂತಿದ್ದೇನೆ. ನವಜಾತ ಶಿಶುಗಳ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲೂ ಹಾಗೆಯೇ. ಫೈಬರ್‌ಆಪ್ಟಿಕ್ ಇಂಟ್ಯುಬೇಶನ್ ಹಿರಿಯರ ಮೇಲ್ವಿಚಾರಣೆಯಲ್ಲಷ್ಟೇ ಮಾಡಿದ್ದೇನೆ. ವಿಡಿಯೋ ಲ್ಯಾರಿಂಗೋಸ್ಕೋಪ್ ದಿನನಿತ್ಯ ಬಳಸುತ್ತೇನೆ.

ಹುಬ್ಬಳ್ಳಿಯ ಕೆಲಸ ಬಿಟ್ಟು ಶಿರಸಿಗೆ ಬರುವುದೇಕೆಂದು ಸಂದರ್ಶನದಲ್ಲಿ ಕೇಳುತ್ತೀರಿ. ಘಟ್ಟದ ಕಡೆಯಿಂದ ರೆಫರ್ ಆಗಿ ಬರುವ ಗರ್ಭಿಣಿಯರನ್ನು ನಾನು ಇಲ್ಲಿ ನೋಡುತ್ತಲೇ ಇದ್ದೇನೆ. ಆಂಬುಲೆನ್ಸ್‌ನಲ್ಲಿ ಎರಡು ಮೂರು ತಾಸು ಕಳೆದು ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಸಾಮಾನ್ಯ ಸಿಸೇರಿಯನ್ ಆಗಬೇಕಿದ್ದದ್ದು ಐಸಿಯು ಕೇಸ್ ಆಗಿರುತ್ತದೆ. ರೆಫರಲ್ ಚೀಟಿಯಲ್ಲಿ ‘ಅರಿವಳಿಕೆ ತಜ್ಞರು ಲಭ್ಯವಿಲ್ಲ’ ಎಂದಷ್ಟೇ ಬರೆದಿರುತ್ತದೆ. ಅಲ್ಲಿ ಸರ್ಜನ್ ಇರುತ್ತಾರೆ, ಥಿಯೇಟರ್ ಇರುತ್ತದೆ. ಆ ಚೀಟಿ ಬರೆಯುವ ಜಾಗದಲ್ಲೇ ಕೆಲಸ ಮಾಡುವುದು ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಲೆಕ್ಕಾಚಾರ. ನನ್ನ ಯಜಮಾನರಿಗೆ ಶಿರಸಿಯ ಕಾಲೇಜೊಂದರಲ್ಲಿ ಕೆಲಸವಿರುವುದರಿಂದ ವಾಸ್ತವ್ಯವೂ ಅಲ್ಲೇ. ಹಾಗಾಗಿ ರಾತ್ರಿ ಕರೆಗೆ ಬರಲು ತೊಂದರೆಯಿಲ್ಲ.

ಸೇರುವ ಮುನ್ನ ಮೂರು ವಿಷಯ ತಿಳಿದರೆ ಅನುಕೂಲ. ಥಿಯೇಟರ್‌ನಲ್ಲಿ ಕ್ಯಾಪ್ನೋಗ್ರಫಿ ಇರುವ ಮಾನಿಟರ್ ಇದೆಯೇ? ರಕ್ತ ರಾತ್ರಿಯೂ ಸಿಗುತ್ತದೆಯೇ? ನಾನು ರಜೆಯಲ್ಲಿದ್ದಾಗ ನೋಡಿಕೊಳ್ಳಲು ಇನ್ನೊಬ್ಬ ತಜ್ಞರೋ ತರಬೇತಿ ಪಡೆದ ವೈದ್ಯರೋ ಇದ್ದಾರೆಯೇ? ಮೊದಲನೆಯದು ಇಲ್ಲದಿದ್ದರೆ ಅದನ್ನು ತರಿಸಿಕೊಡುವ ಭರವಸೆಯನ್ನು ತಮ್ಮಿಂದ ನಿರೀಕ್ಷಿಸುತ್ತೇನೆ; ಟ್ಯೂಬ್ ಶ್ವಾಸನಾಳದಲ್ಲೇ ಇದೆ ಎಂಬುದನ್ನು ಸ್ಟೆತಸ್ಕೋಪ್ ಒಂದನ್ನೇ ನಂಬಿ ತೀರ್ಮಾನಿಸಲು ನಾನು ಸಿದ್ಧಳಿಲ್ಲ.

ಈಗಿನ ಆಸ್ಪತ್ರೆಗೆ ಒಂದು ತಿಂಗಳ ನೋಟಿಸ್ ಕೊಡಬೇಕು. ಸಂದರ್ಶನಕ್ಕೆ ಮೂಲ ದಾಖಲೆಗಳೊಂದಿಗೆ ಕಾರವಾರಕ್ಕೆ ಬರುತ್ತೇನೆ. ಸೋಮವಾರ ಮತ್ತು ಗುರುವಾರ ನನಗೆ ಥಿಯೇಟರ್ ಪಟ್ಟಿ ಇರುವುದರಿಂದ ಬೇರೆ ದಿನವಾದರೆ ಒಳ್ಳೆಯದು.

ಲಗತ್ತುಗಳು: 1. ಸ್ವವಿವರ, 2. ನೋಂದಣಿ ಪ್ರಮಾಣಪತ್ರ, 3. ಪದವಿ ಮತ್ತು ಅನುಭವ ಪತ್ರಗಳು, 4. ಲಾಗ್‌ಬುಕ್ ಸಾರಾಂಶ (ರೋಗಿಗಳ ಹೆಸರು ತೆಗೆದಿದೆ), 5. ಕಡ್ಡಾಯ ಸೇವೆ ಪೂರೈಸಿದ ಪತ್ರ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಡಾ. ಸಂಧ್ಯಾ ಎಂ. ಬಡಿಗೇರ
ಎಂ.ಬಿ.ಬಿ.ಎಸ್., ಎಂ.ಡಿ. (ಅರಿವಳಿಕೆ ಶಾಸ್ತ್ರ)
ಹುಬ್ಬಳ್ಳಿ