ಅಂದಾಜು

ನಮ್ಮ ದಾಖಲಾತಿ ವಹಿಯಲ್ಲಿ ವಯಸ್ಸಿನ ಕಾಲಂ ಬಹಳ ಕಿರಿದು. ಎರಡು ಅಂಕಿ ಹಿಡಿಸುವಷ್ಟೇ ಜಾಗ. ಹೆಸರಿಗೆ ಅಗಲವಾದ ಕಾಲಂ, ಕರೆತಂದವರ ವಿವರಕ್ಕೆ ಅದಕ್ಕಿಂತ ಅಗಲ, ಕೊನೆಯ ಷರಾಕ್ಕೆ ಸುಮಾರು ಅರ್ಧ ಪುಟ. ವಯಸ್ಸಿಗೆ ಮಾತ್ರ ಬೆರಳಗಲ. ಈ ಮಕ್ಕಳ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತನಾಗಿರುವ ನಾನು ಪೆನ್ನಿನ ಮುಚ್ಚಳ ತೆಗೆದು ಏನೂ ಬರೆಯದೆ ಕೂತದ್ದಿದ್ದರೆ ಅದು ಹೆಚ್ಚಾಗಿ ಆ ಬೆರಳಗಲದ ಮುಂದೆಯೇ.

ಮಂಗಳವಾರ ಬೆಳಗಿನ ಜಾವ ಪೊಲೀಸರು ಕರೆತಂದ ಹುಡುಗಿ ನನ್ನ ಮೇಜಿನ ಎದುರು ನಿಂತಿದ್ದಳು. ಬಸ್ ನಿಲ್ದಾಣದ ಬೆಂಚಿನ ಕೆಳಗೆ ಮಲಗಿದ್ದಳಂತೆ. ಹೆಸರು ಕೇಳಿದರೆ ಮಾತಿಲ್ಲ, ಊರು ಕೇಳಿದರೆ ಮಾತಿಲ್ಲ. ಪೇದೆ ಕೊಟ್ಟ ಪತ್ರದಲ್ಲಿ ‘ಸುಮಾರು ಎಂಟು ವರ್ಷದ ಹೆಣ್ಣು ಮಗು’ ಎಂದಿತ್ತು. ಈ ‘ಸುಮಾರು’ ಎಂಬುದರ ಆಯುಸ್ಸು ನನಗೆ ಚೆನ್ನಾಗಿ ಗೊತ್ತು. ಮೊದಲನೆಯ ಕಾಗದದಲ್ಲಿ ಇರುತ್ತದೆ. ಎರಡನೆಯದಕ್ಕೆ ನಕಲು ಮಾಡುವಾಗ ಉದುರಿಹೋಗುತ್ತದೆ. ಮೂರನೆಯ ಕಾಗದಕ್ಕೆ ಬರುವ ಹೊತ್ತಿಗೆ ಎಂಟು ಎಂದರೆ ಎಂಟೇ. ಹೆತ್ತ ತಾಯಿಯೇ ಬಂದು ಹೇಳಿದರೂ ಅದನ್ನು ಬದಲಿಸಲು ಹತ್ತು ಕಡೆ ಅರ್ಜಿ ಹಾಕಬೇಕು.

ಮೇಲ್ವಿಚಾರಕಿಯವರು ಬಾಗಿಲಲ್ಲೇ ನಿಂತು ಹೇಳಿದರು: “ಸಂಜೆ ಐದಕ್ಕೆ ವರದಿ ಹೋಗಬೇಕು. ಅದರೊಳಗೆ ವಹಿ ಭರ್ತಿಯಾಗಲಿ. ಅವರು ಎಂಟು ಎಂದಿದ್ದಾರಲ್ಲ, ಹಾಗೆಯೇ ಹಾಕಿ.”

“ಡಾಕ್ಟರು ನೋಡಲಿ ಮೇಡಂ, ಆಮೇಲೆ ಬರೆಯುತ್ತೇನೆ.”

ಅವರು ನನ್ನ ಮುಖ ನೋಡಿ ಸುಮ್ಮನಾದರು. ನಾನು ಹೀಗೆ ಹಟ ಹಿಡಿಯುವುದು ಏಕೆಂದು ಅವರಿಗೂ ಗೊತ್ತು.

ಹದಿಮೂರು ವರ್ಷಗಳ ಹಿಂದೆ ಒಬ್ಬ ಹುಡುಗ ಬಂದಿದ್ದ. ಎತ್ತರದ ಹುಡುಗ. ಮೈಯಲ್ಲಿ ಮಾಂಸವಿಲ್ಲದಿದ್ದರೂ ಕೈಕಾಲು ಉದ್ದ. ಅವನಿಗಿಂತ ಮೊದಲು ದಾಖಲಾದ ಹುಡುಗನಿಗೆ ಒಂಬತ್ತು. ಅವನ ಪಕ್ಕದಲ್ಲಿ ನಿಲ್ಲಿಸಿ ನೋಡಿದೆ, ಇವನು ಒಂದು ಗೇಣು ಎತ್ತರ. ಹತ್ತು ಎಂದು ಬರೆದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಎಂಟು ವರ್ಷಗಳಾದ ಮೇಲೆ ನಾನೇ ಬರೆದ ಆ ಅಂಕಿ ಅವನನ್ನು ಹದಿನೆಂಟಕ್ಕೆ ತಂದು ನಿಲ್ಲಿಸಿತು. ಹದಿನೆಂಟು ತುಂಬಿದವರು ನಮ್ಮಲ್ಲಿ ಇರುವಂತಿಲ್ಲ. ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು. ಟ್ರಂಕು ಹಿಡಿದುಕೊಂಡು ಇದೇ ಮೇಜಿನ ಎದುರು ನಿಂತು ಅವನು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ನನಗೆ ನಿಜವಾಗಿ ಹದಿನೆಂಟು ಆಗಿದೆಯೇ?” ಮೀಸೆ ಇನ್ನೂ ಚಿಗುರಿರಲಿಲ್ಲ. ನಾನು ವಹಿ ತೆರೆದು ತೋರಿಸಿದೆ. ನನ್ನ ಕೈಬರಹವನ್ನೇ ಸಾಕ್ಷಿಯಾಗಿ ತೋರಿಸಿದೆ. ಅದನ್ನು ಬರೆದವನು ನಾನೇ, ನನಗೂ ಗೊತ್ತಿರಲಿಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ. ಅವನು ತಲೆಯಾಡಿಸಿ ಹೋದ.

ಹನ್ನೊಂದು ಗಂಟೆಗೆ ಡಾಕ್ಟರು ಬಂದರು. ಹುಡುಗಿಯ ಬಾಯಿ ತೆರೆಸಿ ಟಾರ್ಚು ಬಿಟ್ಟು ನನ್ನನ್ನೂ ಹತ್ತಿರ ಕರೆದರು. ಕೆಳಗಿನ ಸಾಲಿನ ನಡುವೆ ಎರಡು ಹೊಸ ಹಲ್ಲುಗಳು; ಪಕ್ಕದ ಹಾಲುಹಲ್ಲುಗಳಿಗಿಂತ ಅಗಲ, ಅಂಚು ಗರಗಸದಂತೆ ಸಣ್ಣ ಸಣ್ಣ ಮುಳ್ಳು. “ನೋಡಿ, ಇನ್ನೂ ಸವೆದಿಲ್ಲ. ಬಂದು ಬಹಳ ದಿನವಾಗಿಲ್ಲ,” ಎಂದರು. ಮೇಲೆ ನಡುವಿನ ಎರಡು ಹಲ್ಲು ಬಿದ್ದು ಬರೀ ಒಸಡು. ಒಳಗೆ, ಹಾಲುಹಲ್ಲಿನ ಸಾಲಿನ ಹಿಂದೆ, ಮೊದಲ ದವಡೆ ಹಲ್ಲು ಪೂರ್ತಿ ಮೇಲೆದ್ದಿತ್ತು. ಅದು ಸಾಮಾನ್ಯವಾಗಿ ಆರರ ಆಸುಪಾಸಿನಲ್ಲಿ ಬರುತ್ತದಂತೆ. ಎಲ್ಲ ಸೇರಿಸಿ ನೋಡಿದರೆ ಹಲ್ಲಿನ ಲೆಕ್ಕದಲ್ಲಿ ಏಳರ ಹತ್ತಿರ ಎಂದರು.

ಮಧ್ಯಾಹ್ನ ಎಡಗೈಯ ಎಕ್ಸ್-ರೇ ಬಂತು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿರುತ್ತವೆ. ಹುಟ್ಟುವಾಗ ಮೆತ್ತಗಿರುವುದರಿಂದ ಚಿತ್ರದಲ್ಲಿ ಕಾಣುವುದಿಲ್ಲ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗಿ ಕಾಣಿಸಿಕೊಳ್ಳುತ್ತವೆ ಎಂದು ವಿವರಿಸಿದರು. ಕಪ್ಪು ಹಾಳೆಯ ಮೇಲೆ ಬೆಣಚುಕಲ್ಲಿನ ಚೂರುಗಳಂತೆ ಐದು ಚುಕ್ಕೆಗಳಿದ್ದವು.

“ಇದರ ಮಾತು ಕೇಳಿದರೆ ಐದು ವರ್ಷ ಎನ್ನಬೇಕು.”

“ಹಲ್ಲು ಏಳು ಎನ್ನುತ್ತದೆಯಲ್ಲ?”

“ಹೊಟ್ಟೆಗಿಲ್ಲದ ಮಕ್ಕಳ ಮೂಳೆ ಹಿಂದೆ ಬೀಳುತ್ತದೆ. ಹಲ್ಲು ಅಷ್ಟಾಗಿ ಹಿಂದೆ ಬೀಳುವುದಿಲ್ಲ. ಎರಡರ ನಡುವಿನ ಅಂತರವೇ ಇವಳು ಹಸಿದಿದ್ದ ಕಾಲ ಅಂದುಕೊಳ್ಳಿ.” ಅವರು ಚೀಟಿಯಲ್ಲಿ ‘ಆರರಿಂದ ಎಂಟರೊಳಗೆ’ ಎಂದು ಬರೆದು ಸಹಿ ಹಾಕಿದರು.

ಗುರುತಿನ ಚಿಹ್ನೆಯ ಕಾಲಮ್ಮಿಗೆ ಏನಾದರೂ ಬೇಕಿತ್ತು. ಬಲಗಡೆಯ ಹೆಗಲ ಮೇಲೆ ಅರ್ಧಚಂದ್ರದಂತಹ ಕಲೆ ಇದೆ ಎಂದು ದಾದಿ ಹೇಳಿದಳು. ಡಾಕ್ಟರು ಅಂಗಿಯ ಕೊರಳು ಸರಿಸಿ ನೋಡಿದರು. “ಬರೆಯಬೇಡಿ. ಅದು ಹುಟ್ಟುಗುರುತಲ್ಲ, ಯಾವುದೋ ಮಗು ಕಚ್ಚಿದ್ದು. ಆಗಲೇ ಹಳದಿಗೆ ತಿರುಗಿದೆ, ಕೆಲವೇ ದಿನಗಳಲ್ಲಿ ಹೋಗಿಬಿಡುತ್ತದೆ. ಮೊಣಕೈಯ ಹತ್ತಿರ ಒಂದು ಮಚ್ಚೆ ಇದೆ, ಅದನ್ನು ಬರೆಯಿರಿ.” ಮಚ್ಚೆಯನ್ನು ಬರೆದೆ. ಕಚ್ಚಿದ ಗುರುತಿಗೆ ವಹಿಯಲ್ಲಿ ಕಾಲಂ ಇರಲಿಲ್ಲ. ಹಾಗಾಗಿ ಅದು ನನ್ನ ತಲೆಯಿಂದಲೂ ಹೋಯಿತು. ಇದನ್ನು ಬರೆಯುವಾಗ ನನ್ನ ಕೈ ಈಗಲೂ ತಡೆಯುತ್ತದೆ.

ಉಳಿದದ್ದು ವಯಸ್ಸು. ಆರು, ಏಳು, ಎಂಟು: ಮೂರಕ್ಕೂ ಚೀಟಿಯ ಬೆಂಬಲವಿತ್ತು. ಆರು ಎಂದರೆ ಹದಿನೆಂಟರವರೆಗೆ ಹನ್ನೆರಡು ವರ್ಷ ನೆಲೆ, ಎಂಟು ಎಂದರೆ ಹತ್ತೇ ವರ್ಷ. ಒಂದು ಅಂಕಿ ಕೆಳಗಿಳಿದರೆ ಮಗುವಿನ ತಲೆಯ ಮೇಲೆ ಒಂದು ವರ್ಷ ಹೆಚ್ಚು ಸೂರು. ಆರೇ ಸರಿ ಎಂದು ಮೇಲ್ವಿಚಾರಕಿಯವರಿಗೆ ಹೇಳಿದೆ.

“ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ,” ಎಂದರು ಅವರು. “ಆದರೆ ಕಡಿಮೆ ಬರೆದರೆ ಅದೂ ಪುಕ್ಕಟೆಯಲ್ಲ. ತನಗಿಂತ ಚಿಕ್ಕವರ ನಡುವೆ ಕೂತು ಓದಬೇಕು. ಮೈ ಬೆಳೆಯುವಾಗ ಉಳಿದವರಿಗಿಂತ ಮೊದಲೇ ಬೆಳೆದು ಒಬ್ಬಳೇ ನಾಚಿಕೊಳ್ಳಬೇಕು. ಆ ಹುಡುಗನ ಸಾಲವನ್ನು ಇವಳ ಲೆಕ್ಕದಲ್ಲಿ ತೀರಿಸಬೇಡಿ.”

ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ಮೂರೂವರೆಯವರೆಗೆ ನಾನು ಮಗುವಿನ ಕಡೆ ತಲೆ ಎತ್ತಿಯೂ ನೋಡದೆ ಚೀಟಿಯನ್ನೂ ಎಕ್ಸ್-ರೇಯನ್ನೂ ತಿರುವುತ್ತ ಕೂತಿದ್ದೆ.

ನೋಡಿದವಳು ಆಯಾ. ಕಸ ತೆಗೆಯಲು ಬಂದವಳು ಬಾಗಿಲ ಬಳಿ ನಿಂತಿದ್ದ ಹುಡುಗಿಯನ್ನು ದಿಟ್ಟಿಸಿ, “ಇದು ಹೇಗೆ ನಿಂತಿದೆ ನೋಡಿದಿರಾ ಸಾರ್?” ಎಂದಳು.

ಹುಡುಗಿ ನೆಟ್ಟಗೆ ನಿಂತಿರಲಿಲ್ಲ. ಬಲಗಾಲಿನ ಮೇಲೆ ಭಾರ ಹಾಕಿ ಬಲಸೊಂಟವನ್ನು ಹೊರಗೆ ಚಾಚಿದ್ದಳು. ಬಲಗೈ ಮೈಯಿಂದ ಸ್ವಲ್ಪ ದೂರ, ಏನನ್ನೋ ಬಳಸಿ ಹಿಡಿದಂತೆ ಮಡಚಿಕೊಂಡಿತ್ತು. ಬೆಳಗಿನಿಂದಲೂ ಹಾಗೆಯೇ ನಿಂತಿದ್ದಳು. ನಾನು ಆಯಾಸ ಅಂದುಕೊಂಡಿದ್ದೆ.

“ಕೂಸು ಎತ್ತಿ ಎತ್ತಿ ಬರುವ ನಿಲುವು ಇದು,” ಎಂದಳು ಆಯಾ. “ಏಳು ಮಕ್ಕಳಲ್ಲಿ ದೊಡ್ಡವಳು ನಾನು. ಮದುವೆಯಾಗುವವರೆಗೂ ಹೀಗೇ ನಿಲ್ಲುತ್ತಿದ್ದೆ.” ಪೊರಕೆ ಕೆಳಗಿಟ್ಟು ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಪುಟ್ಟೀ, ಯಾರನ್ನು ಎತ್ತಿಕೊಳ್ಳುತ್ತಿದ್ದೆ? ತಂಗಿಯೋ, ತಮ್ಮನೋ?”

ಬೆಳಗಿನಿಂದ ಹೆಸರು, ಊರು, ಅಪ್ಪ, ಅಮ್ಮ ಎಂದು ನಾವು ಕೇಳಿದ್ದೆಲ್ಲ ನಮಗೆ ಬೇಕಾದದ್ದು. ಇದೊಂದು ಅವಳದು.

“ತಮ್ಮ,” ಎಂದಳು. ಮುಂದಿನ ಹಲ್ಲಿಲ್ಲದ ಬಾಯಿಯಿಂದ ಗಾಳಿ ಸೇರಿ ಬಂದ ದನಿ.

“ಎಲ್ಲಿದ್ದಾನೆ?”

ಮಾತಿಲ್ಲ. ಎಡಗೈ ಮೇಲೆದ್ದು ಬಲಹೆಗಲನ್ನು ಮುಟ್ಟಿಕೊಂಡಿತು. ಆಗ ನನಗೆ ಆ ಹಳದಿ ಗುರುತು ನೆನಪಾಯಿತು. ಎದ್ದು ಬಂದು ಅವಳ ಪಕ್ಕ ಮೊಣಕಾಲೂರಿದೆ. “ಅವನು ಕಚ್ಚಿದ್ದೇನಮ್ಮಾ?”

“ನಿದ್ದೆ ಬಂದರೆ ಕಚ್ಚುತ್ತಾನೆ,” ಎಂದಳು. ಸ್ವಲ್ಪ ತಡೆದು, “ನೋಯುವುದಿಲ್ಲ,” ಎಂದು ಸೇರಿಸಿದಳು. ಅವನ ಮೇಲೆ ನಾವು ದೂರು ಬರೆದುಕೊಳ್ಳುತ್ತೇವೆಂದು ಹೆದರಿದಂತೆ.

ಗಂಟೆ ನಾಲ್ಕಾಗಿತ್ತು. ಕೆಲವೇ ದಿನಗಳ ಹಿಂದೆ ಈ ಹೆಗಲ ಮೇಲೆ ನಿದ್ದೆಗೆ ಜಾರುತ್ತಿದ್ದ ಒಂದು ಮಗು ಈಗ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಬೆಳಗ್ಗೆ ಹತ್ತಕ್ಕೇ ಗೊತ್ತಾಗಬಹುದಿತ್ತು.

ಮೇಜಿಗೆ ಹೋಗಿ ಮೊದಲು ವಹಿ ಮುಗಿಸಿದೆ. ವಯಸ್ಸಿನ ಕಾಲಮ್ಮಿನಲ್ಲಿ 7 ಎಂದು ಬರೆದೆ. ಸೂರು ಹೆಚ್ಚಿಸುವುದಕ್ಕೂ ಅಲ್ಲ, ಕಡಿಮೆ ಮಾಡುವುದಕ್ಕೂ ಅಲ್ಲ. ಹಲ್ಲು ಹಾಗೆ ಹೇಳಿತು, ನನ್ನ ಕಣ್ಣಾರೆ ಕಂಡಿದ್ದೆ. ಅಂಕಿಯ ನೆತ್ತಿಗೆ ತಾಗಿಸಿ, ಕಾಲಮ್ಮಿನ ಗೆರೆ ದಾಟಿದರೂ ದಾಟಲಿ ಎಂದು, ‘ಅಂದಾಜು’ ಎಂದು ಬರೆದೆ. ನಕಲು ಮಾಡುವವನು ಅದನ್ನು ಬಿಡಬೇಕೆಂದರೆ ಬೇಕೆಂದೇ ಬಿಡಬೇಕು. ಷರಾದಲ್ಲಿ ಹೊಸ ಹಲ್ಲಿನ ಮುಳ್ಳು, ದವಡೆ ಹಲ್ಲು, ಮಣಿಕಟ್ಟಿನ ಐದು ಮೂಳೆ, ಹಸಿವಿನಿಂದ ಮೂಳೆ ಹಿಂದೆ ಬಿದ್ದಿರಬಹುದೆಂಬ ಡಾಕ್ಟರ ಮಾತು, ಎಲ್ಲವನ್ನೂ ಬರೆದೆ. ‘ಇದನ್ನು ಆಧರಿಸಿ ಏಳು ಎಂದು ತಿಳಿದು ಬರೆದಿದ್ದೇನೆ. ಬೇರೆ ದಾಖಲೆ ಇಲ್ಲ. ತಪ್ಪಿರಬಹುದು. ಹದಿನೆಂಟು ಎಂದು ಲೆಕ್ಕ ಹಾಕುವ ಮೊದಲು ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.’ ಕೆಳಗೆ ಸಹಿ, ದಿನಾಂಕ. ಆಮೇಲೆ, ‘ಒಬ್ಬ ತಮ್ಮನಿದ್ದಾನೆ’ ಎಂದು ಬರೆದು ಅಡಿಗೆರೆ ಎಳೆದೆ.

ನಂತರ ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಬೆಳಗಿನ ಪೇದೆಯೇ ಸಿಕ್ಕ. ವಿಷಯ ಹೇಳಿದೆ. ಆ ಕಡೆಯಿಂದ ಕಾಗದ ಮಗುಚಿದ ಸದ್ದು ಕೇಳಿಸಿತು.

“ಹುಡುಗನ ಹೆಸರು?”

“ಇನ್ನೂ ಗೊತ್ತಿಲ್ಲ.”

“ವಯಸ್ಸು?”

ರಿಸೀವರನ್ನು ಎದೆಗೊತ್ತಿ ಹಿಡಿದು ಹುಡುಗಿಯನ್ನು ಹತ್ತಿರ ಕರೆದೆ. ಅವಳು ತಾನಾಗಿಯೇ ಅಂಗಿಯ ಕೊರಳು ಸರಿಸಿ ಹೆಗಲನ್ನು ಕಿಟಕಿಯ ಕಡೆ ತಿರುಗಿಸಿ ನಿಂತಳು. ಮೇಲೆ ನಾಲ್ಕು, ಕೆಳಗೆ ನಾಲ್ಕು, ಅಕ್ಕಿಕಾಳಿನಷ್ಟಗಲದ ಗೆರೆಗಳು. ಆಚೀಚೆ ಕೋರೆಹಲ್ಲಿನ ಗುರುತಿಲ್ಲ. ಆಯಾ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ ಬೆರಳಲ್ಲಿ ಎಣಿಸಿದಳು.

“ವರ್ಷ ತುಂಬಿದೆ,” ಎಂದಳು. “ಒಂದೂವರೆ ಆಗಿಲ್ಲ.”

“ನಡೆಯುತ್ತಾನಾ?” ಎಂದು ಹುಡುಗಿಯನ್ನು ಕೇಳಿದೆ.

“ನಾನು ಬೆರಳು ಕೊಟ್ಟರೆ.”

ರಿಸೀವರನ್ನು ಕಿವಿಗಿಟ್ಟುಕೊಂಡೆ. “ಬರೆದುಕೊಳ್ಳಿ,” ಎಂದೆ, “ಮೊದಲು ‘ಅಂದಾಜು’ ಎಂದು ಬರೆದುಕೊಳ್ಳಿ.”