ಗಾರ್ಮೆಂಟ್ಸ್‌ನಿಂದ ಬ್ಯಾಟರಿ ಘಟಕಕ್ಕೆ: "ನಿಮ್ಮ ಬಗ್ಗೆ ಹೇಳಿ" ಅಂದಾಗ ಹೇಳಬೇಕಾದದ್ದು

ಗುರುವಾರ, ಬೆಳಿಗ್ಗೆ 11 ಗಂಟೆಗೆ ಜಿಗಣಿಯಲ್ಲಿ ನನಗೆ ಇಂಟರ್‌ವ್ಯೂ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಬ್ಯಾಟರಿ ಪ್ಯಾಕ್ ಜೋಡಿಸುವ ಘಟಕ. ಪ್ರೊಡಕ್ಷನ್ ಮ್ಯಾನೇಜರ್ ಕೆಲಸ. ಎದುರಿಗೆ ಮೂವರು ಇರುತ್ತಾರಂತೆ: ಪ್ಲಾಂಟ್ ಹೆಡ್, ಕ್ವಾಲಿಟಿ ಹೆಡ್, ಎಚ್‌ಆರ್ ಮೇಡಂ. ಫ್ಲೋರ್‌ನಲ್ಲಿ ಹೆಚ್ಚಿನವರು ನಮ್ಮ ಕಡೆಯ ಹೆಣ್ಣುಮಕ್ಕಳೇ, ಹಾಗಾಗಿ ಮಾತುಕತೆ ಕನ್ನಡದಲ್ಲೇ ಅಂತ ಫೋನಿನಲ್ಲಿ ಹೇಳಿದ್ದಾರೆ. ಒಳ್ಳೆಯದೇ ಆಯಿತು.

ಹೇಳುವುದು ಇಷ್ಟು:

"ನಮಸ್ಕಾರ ಸರ್, ನಮಸ್ಕಾರ ಮೇಡಂ. ನಾನು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ನಾಲ್ಕು ಲೈನ್ ನೋಡಿಕೊಳ್ಳುತ್ತೇನೆ, ಸುಮಾರು 180 ಜನ. ಹೊರದೇಶಕ್ಕೆ ಹೋಗುವ ಮಕ್ಕಳ ಬಟ್ಟೆ ಹೊಲಿಯುತ್ತೇವೆ. 2008ರಲ್ಲಿ ಚೆಕರ್ ಆಗಿ ಸೇರಿದೆ. ಆಮೇಲೆ ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಈಗ ಮ್ಯಾನೇಜರ್.

ಮಕ್ಕಳ ಬಟ್ಟೆ ಹೊಲಿಯುವಾಗ ಸೂಜಿ ಮುರಿದರೆ ಆ ಮೆಷಿನ್ ಅಲ್ಲೇ ನಿಲ್ಲಬೇಕು. ಮುರಿದ ಚೂರೆಲ್ಲ ಸಿಗಬೇಕು. ಅದನ್ನು ರಿಜಿಸ್ಟರ್‌ಗೆ ಅಂಟಿಸಿದ ಮೇಲೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಬಂಡಲ್ ಪೂರ್ತಿ ಪಕ್ಕಕ್ಕೆ ಹೋಗುತ್ತದೆ. ಸಂಜೆ ಶಿಪ್‌ಮೆಂಟ್ ಇದ್ದರೂ ಇದರಲ್ಲಿ ನಾನು ರಾಜಿ ಆಗಿಲ್ಲ.

ಕಳೆದ ಎರಡು ವರ್ಷದಲ್ಲಿ ನನ್ನ ಲೈನ್‌ಗಳಲ್ಲಿ ನೂರು ಪೀಸ್‌ಗೆ ಬರುತ್ತಿದ್ದ ಡಿಫೆಕ್ಟ್ 9ರಿಂದ 4ಕ್ಕೆ ಇಳಿಯಿತು. ಹೊಸ ಮೆಷಿನ್ ಕೇಳಲಿಲ್ಲ. ಕೊನೆಯಲ್ಲಿ ಕೂತಿದ್ದ ಚೆಕರ್‌ಗಳಲ್ಲಿ ಇಬ್ಬರನ್ನು ಕಾಲರ್ ಮತ್ತು ತೋಳು ಜೋಡಿಸುವ ಜಾಗಕ್ಕೆ ಕರೆತಂದೆ. ತಪ್ಪು ಹುಟ್ಟಿದ ಕಡೆಯೇ, ಅದೇ ಗಂಟೆಯಲ್ಲಿ, ಆ ಟೈಲರ್‌ಗೆ ತೋರಿಸಿದೆವು.

2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಸುದ್ದಿ ಒಂದರ ಹಿಂದೆ ಒಂದು ಬಂತು. ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮ ಬಿಗಿಯಾಯಿತು. ಆಗಿನಿಂದ ಈ ಕ್ಷೇತ್ರವನ್ನು ಗಮನಿಸುತ್ತಿದ್ದೇನೆ. ಪ್ಯಾಕ್ ಒಳಗೆ ಲೋಹದ ಚೂರು ಉಳಿದರೆ ಶಾರ್ಟ್ ಆಗಬಹುದು. ಆ ಚೂರನ್ನು ಹುಡುಕುವ ಶಿಸ್ತು ನನಗೆ ಹೊಸದಲ್ಲ.

ಹೊಸದು ಕರೆಂಟಿನ ಕೆಲಸ. ಅದನ್ನು ಆರು ತಿಂಗಳಿಂದ ಶನಿವಾರ, ಭಾನುವಾರದ ತರಗತಿಯಲ್ಲಿ ಕಲಿಯುತ್ತಿದ್ದೇನೆ. ಸೆಲ್ ವಿಂಗಡಿಸುವುದು, ವೆಲ್ಡ್ ಎಳೆದು ನೋಡುವುದು, ಇನ್ಸುಲೇಷನ್ ಟೆಸ್ಟ್, ಇವನ್ನು ಕೈಯಾರೆ ಮಾಡಿದ್ದೇನೆ. ಡಿಸೈನ್ ನನಗೆ ಬರುವುದಿಲ್ಲ, ಬರುತ್ತದೆ ಅಂತ ಹೇಳುವುದೂ ಇಲ್ಲ.

ಎರಡನೇ ಶಿಫ್ಟ್ ಶುರುಮಾಡುತ್ತಿದ್ದೇವೆ, ಹೊಸಬರನ್ನು ತಯಾರು ಮಾಡುವವರು ಬೇಕು ಅಂತ ನಿಮ್ಮ ಜಾಹೀರಾತಿನಲ್ಲಿತ್ತು. ಏನೂ ಗೊತ್ತಿಲ್ಲದೆ ಬಂದವರನ್ನು ಲೈನ್‌ಗೆ ಕೂರಿಸುವ ಕೆಲಸ ನಾನು ವರ್ಷಗಳಿಂದ ಮಾಡುತ್ತಿದ್ದೇನೆ. ಅದನ್ನು ಇಲ್ಲಿ ಮಾಡಬೇಕು ಅಂತ ಬಂದಿದ್ದೇನೆ."

ಹೇಳಿ ಮುಗಿಸಲು ಸುಮಾರು ಎರಡು ನಿಮಿಷ ಬೇಕು. ಹೆಸರು, ಊರು, ಓದು ಬಯೋಡೇಟಾದಲ್ಲಿವೆ, ಅವರ ಕೈಯಲ್ಲೇ ಇರುತ್ತದೆ. ಮದುವೆ, ಮಕ್ಕಳ ವಿಷಯ ತೆಗೆದಿದ್ದೇನೆ. "ಶ್ರಮಜೀವಿ ಅಂತ ಒಂದು ಮಾತು ಸೇರಿಸು" ಅಂತ ನಮ್ಮ ಯಜಮಾನರು ಹೇಳಿದರು. ಸೇರಿಸಲ್ಲ. ಇಷ್ಟು ವರ್ಷ ಫ್ಲೋರ್‌ನಲ್ಲಿ ನಿಂತವಳು ಅದನ್ನು ಬೇರೆ ಹೇಳಬೇಕಾ? ಎಸ್‌ಎಎಂ, ಡಿಎಚ್‌ಯು ಅಂತ ನಮ್ಮ ಭಾಷೆ ಬಳಸಬಾರದು. ಬ್ಯಾಟರಿಯವರಿಗೆ ಅದು ಅರ್ಥವಾಗಲ್ಲ. "ನೂರು ಪೀಸ್‌ಗೆ ಇಷ್ಟು" ಅಂದರೆ ಯಾರಿಗಾದರೂ ಗೊತ್ತಾಗುತ್ತದೆ.

ಸೂಜಿಯ ಮಾತು ಮುಗಿದ ಮೇಲೆ ಸ್ವಲ್ಪ ನಿಲ್ಲಬೇಕು. ಕ್ವಾಲಿಟಿ ಹೆಡ್ ಅಲ್ಲೇ ಪ್ರಶ್ನೆ ಕೇಳಿದರೆ ಉತ್ತರಿಸಿ, ಉಳಿದದ್ದನ್ನು ಬಿಟ್ಟುಬಿಡುವುದು. "ಒಂದು ನಿಮಿಷ, ಪೂರ್ತಿ ಹೇಳಿಬಿಡುತ್ತೇನೆ" ಅನ್ನಬಾರದು.

ಮೊದಲು ಫೋನಿನಲ್ಲಿ ಎಚ್‌ಆರ್‌ನವರೇ ಕೇಳಿದರೆ ಇಷ್ಟೇ ಸಾಕು:

"ಗಾರ್ಮೆಂಟ್ಸ್‌ನಲ್ಲಿ ಚೆಕರ್ ಆಗಿ ಶುರುಮಾಡಿ ಈಗ 180 ಜನರ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೇನೆ ಮೇಡಂ. ಬ್ಯಾಟರಿ ಜೋಡಣೆಗೆ ಬರಬೇಕು ಅಂತ ಆರು ತಿಂಗಳಿಂದ ಕಲಿಯುತ್ತಿದ್ದೇನೆ. ನಿಮ್ಮ ಎರಡನೇ ಶಿಫ್ಟ್‌ಗೆ ಜನರನ್ನು ತಯಾರು ಮಾಡುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಕೆಂಗೇರಿಯಲ್ಲಿ ಮನೆ, ಜಿಗಣಿಗೆ ನೈಸ್ ರಸ್ತೆಯಲ್ಲಿ ಬರುತ್ತೇನೆ. ನೋಟಿಸ್ 60 ದಿನ."

ಇನ್ನು ಉತ್ತರದ ಹಿಂದೆಯೇ ಬರುವ ಪ್ರಶ್ನೆಗಳು. ಮೊದಲನೆಯದು ಖಂಡಿತ ಬರುತ್ತದೆ.

"ಅಷ್ಟು ವರ್ಷ ಇದ್ದ ಕೆಲಸ ಯಾಕೆ ಬಿಡುತ್ತಿದ್ದೀರಿ?"

"ಜಗಳ ಏನೂ ಇಲ್ಲ ಸರ್. ಅಲ್ಲಿ ಬೈಯರ್ ಒಂದು ಪೀಸ್‌ನ ನಿಮಿಷ ಲೆಕ್ಕ ಹಾಕಿ ದರ ಕೊಡುತ್ತಾರೆ. ಪ್ರತಿ ಸೀಸನ್ ನಿಮಿಷ ಇಳಿಸುವುದೇ ನನ್ನ ಕೆಲಸ ಆಗಿದೆ. ಅದನ್ನು ಚೆನ್ನಾಗಿಯೇ ಮಾಡುತ್ತೇನೆ. ಆದರೆ ಹೊಸದಾಗಿ ಕಲಿಯಲು ಅಲ್ಲಿ ಜಾಸ್ತಿ ಉಳಿದಿಲ್ಲ. ನನಗೆ 41. ಇನ್ನೂ ಹದಿನೈದು ವರ್ಷಕ್ಕಿಂತ ಜಾಸ್ತಿ ದುಡಿಯುತ್ತೇನೆ. ಬೆಳೆಯುತ್ತಿರುವ ಕಡೆ ಇರಬೇಕು ಅನ್ನಿಸಿತು."

"ಬಟ್ಟೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದು. ಇಲ್ಲಿ ಹಾಗಾಗಲ್ಲ, ಅಲ್ವಾ?"

ಕ್ವಾಲಿಟಿ ಹೆಡ್ ಆಗಿದ್ದರೆ ನಾನು ಇದನ್ನೇ ಕೇಳುತ್ತಿದ್ದೆ. ತಪ್ಪಿಸಿಕೊಳ್ಳಬಾರದು.

"ನಿಜ ಸರ್. ರೀವರ್ಕ್ ಮಾಡಬಹುದು ಅನ್ನುವ ಧೈರ್ಯ ನಮ್ಮಲ್ಲಿದೆ, ಇಲ್ಲಿಗೆ ಬಂದರೆ ಮೊದಲು ಬಿಡಬೇಕಾದದ್ದು ಅದನ್ನೇ. ವೆಲ್ಡ್ ಮಾಡಿದ್ದನ್ನು ಕಿತ್ತರೆ ಸೆಲ್‌ಗೇ ಪೆಟ್ಟು ಬೀಳಬಹುದು. ಹಾಗಾಗಿ ವೆಲ್ಡ್‌ಗೆ ಮುಂಚೆಯೇ ಪರೀಕ್ಷೆ ಬಿಗಿಯಾಗಿರಬೇಕು. ನಮ್ಮಲ್ಲಿ ಬಂಡಲ್ ನಂಬರ್ ನೋಡಿ ಯಾವ ಟೈಲರ್ ಹೊಲಿದದ್ದು ಅಂತ ಹೇಳುತ್ತೇವೆ. ಇಲ್ಲಿ ಬಾರ್‌ಕೋಡ್‌ನಿಂದ ಯಾವ ಸೆಲ್ ಯಾವ ಪ್ಯಾಕ್‌ನಲ್ಲಿದೆ ಅಂತ ಗೊತ್ತಾಗಬೇಕು. ಆ ದಾಖಲೆ ಇಲ್ಲದ ಪ್ಯಾಕ್ ನನ್ನ ಲೈನ್ ದಾಟಲ್ಲ."

"ಎಲ್‌ಎಫ್‌ಪಿ ಪ್ಯಾಕ್ ಬಗ್ಗೆ ಏನು ಗೊತ್ತು?"

"ಲಿಥಿಯಂ ಐರನ್ ಫಾಸ್ಫೇಟ್ ಸರ್. ಒಂದು ಸೆಲ್‌ಗೆ 3.2 ವೋಲ್ಟ್. 16 ಸೆಲ್ ಸಾಲಾಗಿ ಸೇರಿಸಿದರೆ 51.2. ಒಂದು ಸೆಲ್ ಸೊರಗಿದರೂ ಇಡೀ ಪ್ಯಾಕ್ ಅದರ ಮಟ್ಟಕ್ಕೇ ನಿಲ್ಲುತ್ತದೆ, ಅದಕ್ಕೇ ವೋಲ್ಟೇಜ್, ಒಳಗಿನ ರೆಸಿಸ್ಟೆನ್ಸ್ ನೋಡಿ ಹೊಂದುವ ಸೆಲ್‌ಗಳನ್ನೇ ಸೇರಿಸುತ್ತಾರೆ. ಪ್ಯಾಕನ್ನು ಕಾಯುವ ಬಿಎಂಎಸ್ ಬೋರ್ಡ್ ಏನು ಮಾಡುತ್ತದೆ ಅಂತ ಗೊತ್ತು, ಅದರ ಒಳಗಿನ ಪ್ರೋಗ್ರಾಮ್ ಗೊತ್ತಿಲ್ಲ." ಇಲ್ಲಿಗೆ ನಿಲ್ಲಿಸಬೇಕು. ಗೊತ್ತಿಲ್ಲದ ಕಡೆಗೆ ಎಳೆದರೆ "ಅದು ಇನ್ನೂ ಕಲಿತಿಲ್ಲ ಸರ್" ಅಂದರೆ ಸಾಕು.

"ಸಂಬಳ ಸ್ವಲ್ಪ ಕಡಿಮೆ ಆದರೆ?"

"ಈಗಿನದಕ್ಕಿಂತ ಕಡಿಮೆಗೆ ಬರುವುದು ಕಷ್ಟ ಮೇಡಂ. ಸಮ ಕೊಟ್ಟರೆ ಬರುತ್ತೇನೆ. ಆರು ತಿಂಗಳಾದ ಮೇಲೆ ಕೆಲಸ ನೋಡಿ ಮತ್ತೆ ಕೂತು ಮಾತಾಡೋಣ ಅಂತ ಆಫರ್ ಲೆಟರ್‌ನಲ್ಲೇ ಬರೆದುಕೊಡಿ."

ಹೊಸ ಕ್ಷೇತ್ರ ಅಂದ ತಕ್ಷಣ ಸಂಬಳ ಇಳಿಸಲೇಬೇಕು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಬೇಕಾಗಿರುವುದು ಶಿಫ್ಟ್ ನಡೆಸುವವರು, ಅದು ನನ್ನ ಹಳೇ ಕೆಲಸವೇ.

ನಾನು ಕೇಳುವುದು ಒಂದೇ: "ಈಗಿನ ಶಿಫ್ಟ್‌ನಲ್ಲಿ ಪ್ಯಾಕ್‌ಗಳು ಯಾವ ಸ್ಟೇಷನ್‌ನಲ್ಲಿ ರಾಶಿ ಬೀಳುತ್ತವೆ ಸರ್? ಒಂದು ಸಲ ಫ್ಲೋರ್ ತೋರಿಸುತ್ತೀರಾ?"