ಕೈಗಳಷ್ಟೇ ಕಾಣುವ ವಿಡಿಯೊ

ಕಿನ್ನಾಳದ ಆ ಮನೆಯಲ್ಲಿ ಹುಣಸೆಬೀಜದ ಅಂಟಿನ ವಾಸನೆ ಇನ್ನೂ ಆರಿರಲಿಲ್ಲ. ಅಜ್ಜ ಮರದ ಗೊಂಬೆಗೆ ಬಣ್ಣ ಹಚ್ಚುವುದನ್ನು ಹದಿನಾರರ ಮಗಳು ನಾಲ್ಕು ನಿಮಿಷದ ವಿಡಿಯೊ ಮಾಡಿ, ಯೂಟ್ಯೂಬಿಗೆ ಹಾಕಲು ಅವ್ವನ ಒಪ್ಪಿಗೆಗಾಗಿ ಮೂರು ದಿನಗಳಿಂದ ಕಾಯುತ್ತಿದ್ದಳು.

"ಊರ ಮಂದಿ ಏನಂದಾರು? ಗುರುತಿಲ್ಲದವರು ಕೆಟ್ಟ ಮಾತು ಬರೆದರೆ ನೀನು ರಾತ್ರಿಯೆಲ್ಲ ಅಳುತ್ತ ಕೂಡುವವಳು," ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. ಆ ಭಯ ಸುಳ್ಳಲ್ಲವೆಂದು ಮಗಳಿಗೂ ಗೊತ್ತಿತ್ತು. ಆದ್ದರಿಂದ ವಾದ ಮಾಡದೆ, ಮೊಬೈಲನ್ನು ಒಲೆಯ ಪಕ್ಕದ ಡಬ್ಬಿಗೆ ಒರಗಿಸಿ ವಿಡಿಯೊ ಹಚ್ಚಿದಳು.

ಅದರಲ್ಲಿ ಅವಳ ಮುಖವಿರಲಿಲ್ಲ, ಶಾಲೆಯ ಸಮವಸ್ತ್ರವಿರಲಿಲ್ಲ, ಮನೆಯ ಬಾಗಿಲೂ ಇರಲಿಲ್ಲ. ಇದ್ದದ್ದು ಅಜ್ಜನ ಕೈಗಳು ಮತ್ತು ಅವಳ ದನಿ ಮಾತ್ರ.

"ಅವ್ವ, ಯಾರೂ ಟಿಪ್ಪಣಿ ಬರೆಯದಂತೆ ಮಾಡಿಡುತ್ತೇನೆ. ಮೊದಲು ಅನ್‌ಲಿಸ್ಟೆಡ್ ಎಂದು ಇಟ್ಟರೆ ಹುಡುಕಿದವರಿಗೆ ಸಿಗುವುದಿಲ್ಲ, ನಾವು ಲಿಂಕ್ ಕಳಿಸಿದವರು ನೋಡಬಹುದು. ಆದರೆ ಅವರು ಆ ಲಿಂಕನ್ನು ಬೇರೆಯವರಿಗೂ ಕಳಿಸಬಹುದು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಖಾತೆಯ ಪಾಸ್‌ವರ್ಡ್ ನಿನ್ನ ಬಳಿಯೂ ಇರಲಿ."

ತನಗೆ ಅನುಕೂಲವಲ್ಲದ ಆ ಒಂದು ಮಾತನ್ನೂ ಮಗಳು ಹೇಳಿದ್ದೇ ಅವ್ವನ ಕೈಯನ್ನು ನಿಲ್ಲಿಸಿತೇನೋ. ಹಿಟ್ಟಿನ ಬೆರಳನ್ನು ಸೆರಗಿಗೆ ಒರೆಸಿಕೊಂಡು ಅವಳು ವಿಡಿಯೊವನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದಳು.

"ಮೊದಲು ಹುಬ್ಬಳ್ಳಿಯ ನಿನ್ನ ಸೋದರಮಾವನಿಗೆ ಕಳಿಸು. ಎಲ್ಲರಿಗೂ ತೋರಿಸುವುದನ್ನು ಒಂದು ವಾರ ಬಿಟ್ಟು ನೋಡೋಣ," ಎಂದಳು, ಬಳಿಕ ದನಿ ತಗ್ಗಿಸಿ, "ಅಜ್ಜನನ್ನು ಕೇಳಿದ್ದೀಯೇನು?" ಎಂದಳು.

ಮಗಳು ನಾಲಿಗೆ ಕಚ್ಚಿಕೊಂಡು ಪಡಸಾಲೆಗೆ ಓಡಿದಳು.